‘ಮಾರಿಗೌತಣವಾಯ್ತು’ ಉಪಮೆ ಯಾಕಲ್ಲ? ಉಪಮೆ–ರೂಪಕ ಗುರುತಿಸೋದು ಹೇಗೆ?

ಹತ್ತನೇ ಕ್ಲಾಸಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ತರಗತಿ. ಮೊನ್ನೆ ಕಿರುಪರೀಕ್ಷೆಯಲ್ಲಿ ಕುಮಾರವ್ಯಾಸನ ಸಾಲು ಕೊಟ್ಟು ಅಲಂಕಾರ ಹೆಸರಿಸಿ ಸಮನ್ವಯ ಮಾಡಿ ಅಂತ ಕೇಳಿದ್ದರು.

ಮಾರಿಗೌತಣವಾಯ್ತು ನಾಳಿನ ಭಾರತವು

ಇವಳು ಉಪಮೆ ಅಂತ ಬರೆದಿದ್ದಾಳೆ. ಸೊನ್ನೆ ಬಂದಿದೆ. ಉತ್ತರ ರೂಪಕವಂತೆ. ಇವಳ ವಾದ ಏನಂದರೆ, ‘ಯುದ್ಧ ಮಾರಿಗೆ ಔತಣದ ಹಾಗೆ ಆಯ್ತು ಅಂತಾನೇ ತಾನೇ ಅರ್ಥ? ಹಾಗೆ ಅನ್ನೋದು ಒಳಗೇ ಇದೆ.’ ನನಗೂ ಹೌದಲ್ವಾ ಅನ್ನಿಸಿತು. ನಾನು ಓದಿದ್ದು ಕಾಮರ್ಸ್, ಛಂದಸ್ಸು ಅಲಂಕಾರ ಎಲ್ಲ ಅಂದೇ ಮರೆತಾಯ್ತು. ಗೈಡ್‌ನಲ್ಲಿ ‘ಅಭೇದವಾಗಿ ರೂಪಿಸಲಾಗಿದೆ’ ಅಂತ ಒಂದು ಸಾಲು ಇದೆ, ಅಷ್ಟೇ. ಅಭೇದ ಅಂತ ಗೊತ್ತಾಗೋದು ಹೇಗೆ ಅನ್ನೋದನ್ನ ಯಾರಾದರೂ ಬಿಡಿಸಿ ಹೇಳ್ತೀರಾ?

ಕೋಡ್ ಕುಮಾರ

ತುಂಬಾ ಸುಲಭ ಮೇಡಂ. ಸಾಲಿನಲ್ಲಿ ‘ಅಂತೆ’, ‘ಹಾಗೆ’, ‘ವೋಲ್’, ‘ತೆರದಿ’ ಇವುಗಳಲ್ಲಿ ಒಂದು ಇದ್ದರೆ ಉಪಮೆ. ಇಲ್ಲದಿದ್ದರೆ ರೂಪಕ. ನಾನು ಇಷ್ಟರಲ್ಲೇ ಎಸ್ಸೆಸ್ಸೆಲ್ಸಿ ಪಾಸಾದೆ. ಮಗಳಿಗೂ ಇದನ್ನೇ ಹೇಳಿಕೊಡಿ, ಮುಗೀತು.

ದೇಶಭಕ್ತ ರಂಗ

ಎಂಥಾ ಸಾಲು! ‘ನಾಳಿನ ಭಾರತ ಮಾರಿಗೆ ಔತಣ’ ಅಂತ ಆ ಕಾಲದಲ್ಲೇ ಕವಿ ಹೇಳಿಬಿಟ್ಟಿದ್ದಾನೆ. ಇವತ್ತಿನ ರಾಜಕೀಯ ನೋಡಿದರೆ ಅದೇ ಆಗ್ತಿದೆ. ನಮ್ಮ ದೇಶದ ಭವಿಷ್ಯ ನೆನೆದರೆ ಭಯ ಆಗುತ್ತದೆ.

ಷಟ್ಪದಿ ಮೇಷ್ಟ್ರು

ರಂಗ ಅವರೇ, ಇಲ್ಲಿ ಭಾರತ ಅಂದರೆ ದೇಶ ಅಲ್ಲ, ಭಾರತ ಯುದ್ಧ. ನಾಳೆ ನಡೆಯಲಿರುವ ಕುರುಕ್ಷೇತ್ರದ ಕಾಳಗ. ಇದನ್ನು ಹೇಳುವವನು ಕರ್ಣ. ಉದ್ಯೋಗಪರ್ವದಲ್ಲಿ ಕೃಷ್ಣ ಅವನನ್ನು ರಥದಲ್ಲಿ ಪಕ್ಕಕ್ಕೆ ಕರೆದುಕೊಂಡು, ನೀನು ಕುಂತಿಯ ಮಗ, ರಾಜ್ಯ ನಿನ್ನದು, ಬಾ ಅಂತಾನೆ. ಕರ್ಣ ಒಪ್ಪುವುದಿಲ್ಲ. ಒಪ್ಪದೆ ಕೊನೆಗೆ ಹೇಳುವ ಪದ್ಯ ಇದು. ಪೂರ್ತಿ ಕೊಡುತ್ತೇನೆ, ಒಂದು ಸಾಲನ್ನು ಕತ್ತರಿಸಿ ಕೊಟ್ಟಿದ್ದಕ್ಕೇ ಅರ್ಧ ಗೊಂದಲ ಆಗಿರೋದು.

ಮಾರಿಗೌತಣವಾಯ್ತು ನಾಳಿನ
ಭಾರತವು ಚತುರಂಗಬಲದಲಿ
ಕೌರವನ ಋಣ ಹಿಂಗೆ ರಣದಲಿ ಸುಭಟಕೋಟಿಯನು
ತೀರಿಸಿಯೆ ಪತಿಯವಸರಕ್ಕೆ ಶ-
ರೀರವನು ನೂಕುವೆನು ನಿನ್ನಯ
ವೀರರೈವರ ನೋಯಿಸೆನು ರಾಜೀವಸಖನಾಣೆ

ಒಡೆಯನ ಅನ್ನ ಉಂಡಿದ್ದೇನೆ, ಆ ಋಣ ತೀರುವ ಹಾಗೆ ಯುದ್ಧದಲ್ಲಿ ಕೋಟಿ ಭಟರನ್ನು ಮುಗಿಸಿ, ನನ್ನ ಮೈಯನ್ನೂ ಅವನಿಗೇ ಒಪ್ಪಿಸುತ್ತೇನೆ. ನಿನ್ನ ಐವರನ್ನು ಮಾತ್ರ ನೋಯಿಸುವುದಿಲ್ಲ, ಸೂರ್ಯನಾಣೆ ಅಂತಾನೆ. ರಾಜೀವಸಖ ಅಂದರೆ ತಾವರೆಯ ಗೆಳೆಯ, ಸೂರ್ಯ. ತನ್ನ ತಂದೆ ಯಾರು ಅಂತ ಆಗತಾನೇ ಗೊತ್ತಾದವನು ಆ ತಂದೆಯ ಮೇಲೆಯೇ ಆಣೆ ಇಡುತ್ತಾನೆ ನೋಡಿ. ಇದು ಅಲಂಕಾರಕ್ಕೆ ಸಂಬಂಧವಿಲ್ಲ, ಆದರೆ ಹೇಳದೆ ಇರೋದಕ್ಕೆ ಆಗಲಿಲ್ಲ.

ಈಗ ಅಮ್ಮನವರ ಪ್ರಶ್ನೆಗೆ ಬರೋಣ. ಮಗಳ ವಾದ ದಡ್ಡ ವಾದ ಅಲ್ಲ. ರೂಪಕದ ಒಳಗೆ ಹೋಲಿಕೆ ಇದ್ದೇ ಇರುತ್ತದೆ. ದಂಡಿ ಅನ್ನುವ ಆಲಂಕಾರಿಕ ರೂಪಕವನ್ನು ಹೇಳುವಾಗ, ಭೇದ ಮರೆಯಾದ ಉಪಮೆಯೇ ರೂಪಕ ಅಂತಾನೆ. ನಮ್ಮ ಕವಿರಾಜಮಾರ್ಗವೂ ಅಲಂಕಾರದ ವಿಷಯದಲ್ಲಿ ಬಹುಮಟ್ಟಿಗೆ ಇದೇ ದಂಡಿಯ ದಾರಿ ಹಿಡಿದದ್ದು. ಹಾಗಾಗಿ ‘ಹೋಲಿಕೆ ಇದೆಯಾ’ ಅಂತ ಕೇಳಿದರೆ ಎರಡಕ್ಕೂ ಹೌದು ಅನ್ನೋದೇ ಉತ್ತರ. ಕೇಳಬೇಕಾದ್ದು ಬೇರೆ. ಕವಿ ಆ ಎರಡು ವಸ್ತುಗಳ ನಡುವೆ ಗೆರೆ ಉಳಿಸಿದ್ದಾನಾ, ಅಳಿಸಿದ್ದಾನಾ?

‘ಯುದ್ಧ ಔತಣದಂತೆ ಆಯ್ತು’ ಅಂದಿದ್ದರೆ ಗೆರೆ ಉಳಿಯುತ್ತಿತ್ತು. ಯುದ್ಧ ಒಂದು ಕಡೆ, ಔತಣ ಇನ್ನೊಂದು ಕಡೆ, ನಡುವೆ ಅಂತೆ. ಕರ್ಣ ಹಾಗೆ ಹೇಳುವುದಿಲ್ಲ. ಔತಣವೇ ಆಯ್ತು ಅಂತಾನೆ. ಇನ್ನೊಂದು ನೋಡಿ, ಯುದ್ಧ ನಾಳೆಯದು, ಕ್ರಿಯಾಪದ ಮಾತ್ರ ‘ಆಯ್ತು’. ನಡೆಯದ ಯುದ್ಧ ಅವನ ಕಣ್ಣಿಗೆ ಆಗಲೇ ಮಾರಿಯ ಮುಂದೆ ಬಡಿಸಿದ ಎಲೆ. ಅಷ್ಟು ಖಚಿತವಾಗಿ ಕಾಣುತ್ತಿರುವವನ ಬಾಯಲ್ಲಿ ‘ಅಂತೆ’ಗೆ ಜಾಗ ಇಲ್ಲ.

ಬೆಂಚ್ ಕೊನೆ ಹುಡುಗ

ಸರ್ ನಾನೂ ಟೆಂತ್. ಕೋಡ್ ಕುಮಾರ ಅಣ್ಣ ಹೇಳಿದ ರೂಲ್ ಸರಿ ತಾನೇ? ನಮ್ಮ ಟ್ಯೂಷನ್‌ನಲ್ಲೂ ಅದನ್ನೇ ಹೇಳಿದ್ದು.

ಷಟ್ಪದಿ ಮೇಷ್ಟ್ರು

ಅರ್ಧ ಸರಿ ಪುಟ್ಟಾ. ಅರ್ಧ ಎಲ್ಲಿ ಕೈ ಕೊಡುತ್ತದೆ ಅಂತ ನೋಡು.

‘ನಾಳೆ ಮಳೆ ಬರುತ್ತದಂತೆ.’ ಅಂತೆ ಇದೆ. ಉಪಮೆಯಾ? ಅಲ್ಲ, ಯಾರೋ ಹೇಳಿದ್ದನ್ನು ದಾಟಿಸುವ ಅಂತೆ ಅದು. ‘ಮೇಷ್ಟ್ರು ಹೇಳಿದಂತೆ ಬರೆದೆ.’ ಇಲ್ಲೂ ಅಂತೆ ಇದೆ. ಹೋಲಿಕೆ ಇಲ್ಲ, ಬರೆದ ರೀತಿ ಇದೆ. ‘ಬೀಳದಂತೆ ಹಿಡಿದುಕೋ.’ ಇಲ್ಲಿರೋದು ಎಚ್ಚರಿಕೆ. ಅಂತೆ ಕಂಡ ಕೂಡಲೇ ಎರಡು ವಸ್ತು ಹುಡುಕು. ಇದು ಅದರಂತೆ ಅನ್ನುವುದಕ್ಕೆ ‘ಇದು’ ಯಾವುದು, ‘ಅದು’ ಯಾವುದು? ಎರಡೂ ಕೈಗೆ ಸಿಗದಿದ್ದರೆ ಪೆನ್ನು ಕೆಳಗಿಡು.

ಎರಡು ವಸ್ತು ಸಿಕ್ಕರೂ ಕೆಲವೊಮ್ಮೆ ಅಲಂಕಾರ ಆಗುವುದಿಲ್ಲ. ‘ಮಗ ಅಪ್ಪನಂತೆ ಎತ್ತರ’ ಅನ್ನೋದು ಅಳತೆ. ಅದರಲ್ಲಿ ಚೆಲುವೇನೂ ಇಲ್ಲ. ‘ಹಸುವಿನಂತೆ ಗವಯ’ ಅಂತ ಶಾಸ್ತ್ರದಲ್ಲಿ ಒಂದು ಹಳೆಯ ಉದಾಹರಣೆ ಇದೆ. ಗವಯ ಅನ್ನೋದು ಕಾಡಿನ ಪ್ರಾಣಿ. ಅದರ ಗುರುತು ಹೇಳೋದಕ್ಕೆ ಆ ಮಾತು ಸಾಕು, ಕಾವ್ಯಕ್ಕೆ ಸಾಲದು.

ಕೋಡ್ ಕುಮಾರ

ಮೇಷ್ಟ್ರೇ, ನೀವು ಕೊಟ್ಟ ವಾಕ್ಯಗಳನ್ನ ಯಾರೂ ಪರೀಕ್ಷೆಯಲ್ಲಿ ಕೇಳಲ್ಲ. ಕೇಳೋದು ಪದ್ಯದ ಸಾಲು. ಅಲ್ಲಿಗೆ ನನ್ನ ಸೂತ್ರ ಸಾಕು.

ಗರತಿಯ ಹಾಡು

ನಾನು ಧಾರವಾಡ ಕಡೆಯವಳು. ಕುಮಾರ ಅವರೇ, ನಿಮ್ಮ ಪಟ್ಟಿಯಲ್ಲಿ ನಮ್ಮ ಕಡೆಯ ಮಾತೇ ಇಲ್ಲವಲ್ಲ? ನಮ್ಮವ್ವ ತೊಟ್ಟಿಲು ತೂಗುವಾಗ ಹಾಡುತ್ತಿದ್ದ ತ್ರಿಪದಿ ಇದು.

ಅಳುವ ಕಂದನ ತುಟಿಯು ಹವಳದ ಕುಡಿಹಂಗ
ಕುಡಿಹುಬ್ಬು ಬೇವಿನ ಎಸಳ್ಹಂಗ ಕಣ್ಣೋಟ
ಶಿವನ ಕೈಯಲಗು ಹೊಳೆದ್ಹಂಗ

ಮೂರು ಸಲ ‘ಹಂಗ’ ಬಂದಿದೆ. ಪುಸ್ತಕದ ಪಟ್ಟಿ ನೋಡಿಕೊಂಡು ಹುಡುಕುವ ಹುಡುಗರಿಗೆ ಇದು ಸಿಗುತ್ತದೇನು?

ಮತ್ತೆ ಒಂದು ಮಾತು. ಅಳುವ ಕೂಸಿನ ಮುಖ ನೋಡಿದರೆ ಮೊದಲು ಕಾಣೋದು ತುಟಿ. ಆಮೇಲೆ ಹುಬ್ಬು, ಆಮೇಲೆ ಕಣ್ಣು. ಹಾಡು ಅದೇ ಕ್ರಮದಲ್ಲಿ ಹೋಗುತ್ತದೆ. ಕೊನೆಗೆ ಶಿವನ ಅಲಗು ಬಂತು ನೋಡಿ! ನೀರು ತುಂಬಿದ ಕಣ್ಣು ಹೊಳೆಯೋದಕ್ಕೆ ಕತ್ತಿಯ ಹೊಳಪು. ತಾಯಿಗೆ ಆ ಕೂಸಿನ ಸಿಟ್ಟೂ ಚೆಂದ. ಇದನ್ನು ಶಾಲೆಯಲ್ಲಿ ಯಾಕೆ ಹೇಳಿಕೊಡುವುದಿಲ್ಲವೋ ಗೊತ್ತಿಲ್ಲ.

ಷಟ್ಪದಿ ಮೇಷ್ಟ್ರು

ತಂಗೀ, ಬಲು ಒಳ್ಳೆಯ ಉದಾಹರಣೆ ಕೊಟ್ಟಿರಿ. ನಾಲ್ಕು ಭಾಗ ಬಿಡಿಸೋದನ್ನು ಇದರಲ್ಲೇ ಕಲಿಸಬಹುದು. ಹೋಲಿಸಬೇಕಾದ ಹುಬ್ಬು ಉಪಮೇಯ, ಯಾವುದಕ್ಕೆ ಹೋಲಿಸಿದೆಯೋ ಆ ಬೇವಿನ ಎಸಳು ಉಪಮಾನ, ಹೋಲಿಕೆ ತೋರಿಸುವ ‘ಹಂಗ’ ವಾಚಕ ಪದ. ನಾಲ್ಕನೆಯದು ಎರಡಕ್ಕೂ ಇರುವ ಗುಣ, ಅಂದರೆ ಸಮಾನಧರ್ಮ. ಅದು ಸಾಲಿನಲ್ಲಿ ಇಲ್ಲ. ಬಾಗಿದ, ತೆಳ್ಳನೆಯ, ತುದಿ ಚೂಪಾದ ಆಕಾರ ಅಂತ ನಾವೇ ತುಂಬಿಕೊಳ್ಳಬೇಕು. ತುಟಿಗೆ ಕೆಂಪು ತುಂಬಿಕೊಳ್ಳಬೇಕು. ಮೂರನೆಯದಕ್ಕೆ ಮಾತ್ರ ‘ಹೊಳೆದ್ಹಂಗ’ ಅಂತ ಹೊಳಪನ್ನು ಹಾಡೇ ಹೇಳಿಬಿಟ್ಟಿದೆ. ನಾಲ್ಕರಲ್ಲಿ ಒಂದು ಭಾಗ ಬಿಟ್ಟುಹೋದರೆ ಲುಪ್ತೋಪಮೆ, ನಾಲ್ಕೂ ಇದ್ದರೆ ಪೂರ್ಣೋಪಮೆ. ಒಂದೇ ತ್ರಿಪದಿಯಲ್ಲಿ ಎರಡು ಲುಪ್ತೋಪಮೆ, ಒಂದು ಪೂರ್ಣೋಪಮೆ.

ಬೆಂಚ್ ಕೊನೆ ಹುಡುಗ

ಸಮಾನಧರ್ಮ ಸಾಲಿನಲ್ಲಿ ಇಲ್ಲ ಅಂದ್ರೆ ಉತ್ತರದಲ್ಲಿ ಏನು ಬರೀಬೇಕು ಸರ್? ನಾನು ಪ್ರತಿಸಲ ‘ಸೌಂದರ್ಯ’ ಅಂತ ಬರೆದುಬಿಡ್ತೀನಿ 😅

ಷಟ್ಪದಿ ಮೇಷ್ಟ್ರು

ಅಯ್ಯೋ, ‘ಸೌಂದರ್ಯ’ ಬರೆಯಬೇಡ! ಬಸವಣ್ಣನವರ ಈ ವಚನ ನಿನಗೆ ಬಾಯಿಪಾಠ ಇರುತ್ತದೆ.

ನುಡಿದರೆ ಮುತ್ತಿನ ಹಾರದಂತಿರಬೇಕು
ನುಡಿದರೆ ಮಾಣಿಕ್ಯದ ದೀಪ್ತಿಯಂತಿರಬೇಕು
ನುಡಿದರೆ ಸ್ಫಟಿಕದ ಶಲಾಕೆಯಂತಿರಬೇಕು

ಮೂರಕ್ಕೂ ಸೌಂದರ್ಯ ಅಂತ ಬರೆದರೆ ಬಸವಣ್ಣನವರು ಒಂದೇ ಮಾತನ್ನು ಮೂರು ಸಲ ಹೇಳಿದ ಹಾಗಾಯ್ತು. ಹಾಗಲ್ಲ. ಹಾರದಲ್ಲಿ ಮುತ್ತುಗಳು ಚೆಲ್ಲಾಪಿಲ್ಲಿ ಇರುವುದಿಲ್ಲ, ಒಂದರ ಪಕ್ಕ ಒಂದು ಪೋಣಿಸಿ ಇರುತ್ತವೆ. ಮಾತಿನಲ್ಲೂ ಆ ಜೋಡಣೆ ಬೇಕು. ಮಾಣಿಕ್ಯಕ್ಕೆ ಬೆಳಕಿದೆ, ಮಾತು ಕೇಳಿದವನಿಗೆ ಏನೋ ಹೊಳೆಯಬೇಕು. ಸ್ಫಟಿಕದ ಸಲಾಕೆಯ ಆಚೆ ಬದಿ ಈಚೆಯಿಂದ ಕಾಣುತ್ತದೆ, ಮಾತಿನ ಒಳಗೂ ಕಪಟ ಅಡಗಿರಬಾರದು. ಜೋಡಣೆ, ಹೊಳಪು, ಪಾರದರ್ಶಕತೆ. ಉಪಮಾನದ ವಸ್ತುವನ್ನು ಕಣ್ಣ ಮುಂದೆ ತಂದುಕೋ. ಅದಕ್ಕೆ ಮಾತ್ರ ಇರುವ ಗುಣ ಯಾವುದು ಅಂತ ನೋಡು. ಆ ಗುಣ ಉಪಮೇಯಕ್ಕೂ ಹೊಂದಿದರೆ ಅದೇ ಸಮಾನಧರ್ಮ. ಹೂವಿಗೂ ಚಿನ್ನಕ್ಕೂ ಚಂದ್ರನಿಗೂ ಒಟ್ಟಿಗೆ ಹೊಂದುವ ಉತ್ತರ ಬರೆದರೆ ನೀನು ಸಾಲು ಓದಿಲ್ಲ ಅಂತ ಮೌಲ್ಯಮಾಪಕರಿಗೆ ಗೊತ್ತಾಗಿಬಿಡುತ್ತದೆ.

ಹತ್ತನೇ ಕ್ಲಾಸಿನ ಅಮ್ಮ

ಮೇಷ್ಟ್ರೇ, ಉಪಮೆ ಈಗ ಸ್ಪಷ್ಟ. ಆದರೆ ರೂಪಕಕ್ಕೆ ‘ಅಂತೆ’ ತರಹದ ಗುರುತು ಏನೂ ಇಲ್ವಾ? ಮಗಳು ಕೇಳ್ತಿದ್ದಾಳೆ, ‘ಏನೂ ಇಲ್ಲದಿರೋದೇ ಗುರುತು ಅಂದ್ರೆ ಹುಡುಕೋದು ಹೇಗೆ’ ಅಂತ.

ಷಟ್ಪದಿ ಮೇಷ್ಟ್ರು

ಗುರುತುಗಳಿವೆ, ಆದರೆ ಅವೂ ಅಂತೆಯ ಹಾಗೆ ಮೋಸ ಮಾಡುತ್ತವೆ.

ಒಂದು ‘ಎಂಬ’. ಪುರಂದರದಾಸರ ಕಲ್ಲುಸಕ್ಕರೆಯ ಧಾಟಿಯಲ್ಲೇ ಇನ್ನೊಂದು ಅಡುಗೆಯ ಪದ ಇದೆಯಲ್ಲ, ರಾಮನಾಮ ಪಾಯಸದ್ದು. ಅದರಲ್ಲಿ ‘ಹೃದಯವೆಂಬೊ ಮಡಕೆಯಲ್ಲಿ ಭಾವವೆಂಬೊ ಎಸರನಿಟ್ಟು’ ಅಂತ ಬರುತ್ತದೆ. ಹೃದಯವೇ ಮಡಕೆ, ಭಾವವೇ ಎಸರು. ಒಂದು ರೂಪಕ ಶುರುವಾದ ಮೇಲೆ ಒಲೆ ಹೊತ್ತಿಸಿದವರು ಅಡುಗೆ ಮುಗಿಸಿಯೇ ಏಳಬೇಕು, ಹಾಗಾಗಿ ಪಾಯಸ, ಸಕ್ಕರೆ, ತುಪ್ಪ, ಹರಿವಾಣ ಎಲ್ಲವೂ ಬರುತ್ತವೆ. ಆದರೆ ‘ರಾಮನೆಂಬ ಹುಡುಗ’ ಅಂದರೆ ರೂಪಕವಲ್ಲ. ಅದು ಹೆಸರು ಹೇಳುವ ಎಂಬ.

ಇನ್ನೊಂದು, ಪದದ ಕೊನೆಗೆ ಬರುವ ಒತ್ತಿನ ‘ಏ’.

ಉಳ್ಳವರು ಶಿವಾಲಯ ಮಾಡುವರು
ನಾನೇನ ಮಾಡಲಿ ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ
ಶಿರವೇ ಹೊನ್ನ ಕಳಶವಯ್ಯಾ

ಇದರ ಮೇಲೆ ಸ್ವಲ್ಪ ನಿಲ್ಲೋಣ. ‘ಎನ್ನ ಕಾಲು ಕಂಬದಂತೆ, ದೇಹ ದೇಗುಲದಂತೆ’ ಅಂತ ಬದಲಿಸಿ ಓದಿ. ಅರ್ಥ ಹೆಚ್ಚು ಕಡಿಮೆ ಅದೇ ಅನ್ನಿಸಬಹುದು. ಆದರೆ ವಚನ ಕುಸಿದುಬಿಡುತ್ತದೆ. ಯಾಕೆ? ದುಡ್ಡಿರುವವರು ಕಲ್ಲಿನ ಗುಡಿ ಕಟ್ಟಿಸಿದ್ದಾರೆ. ಬಡವ ನಾನೇನು ಮಾಡಲಿ ಅಂತ ಕೇಳುತ್ತಿದ್ದಾನೆ. ಅದಕ್ಕೆ ಉತ್ತರ ‘ನನ್ನ ಮೈ ಗುಡಿಯನ್ನು ಹೋಲುತ್ತದೆ’ ಅಂದರೆ ಅವನ ಹತ್ತಿರ ಇನ್ನೂ ಗುಡಿ ಇಲ್ಲ, ಗುಡಿಯ ಹಾಗಿರುವ ಏನೋ ಒಂದು ಇದೆ ಅಷ್ಟೇ. ಮೈಯೇ ಗುಡಿ ಅಂದಾಗ ಮಾತ್ರ ಅವನ ಬಳಿ ಗುಡಿ ಇರುತ್ತದೆ. ಆಗ ಮಾತ್ರ ಮುಂದಿನ ಸಾಲು ನಿಲ್ಲುತ್ತದೆ: ‘ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ’. ನಿಮ್ಮ ಗುಡಿ ಬೀಳುತ್ತದೆ, ನನ್ನದು ಬೀಳುವುದಿಲ್ಲ ಅನ್ನುವ ವಾದಕ್ಕೆ ಅಡಿಪಾಯವೇ ಆ ಅಭೇದ.

ಹಾಗಾಗಿ ಮಗಳಿಗೆ ಒಂದು ಕೆಲಸ ಹೇಳಿ. ಸಾಲಿಗೆ ‘ಅಂತೆ’ ಸೇರಿಸಿ ಓದಲಿ. ಸೇರಿಸಿದ ಮೇಲೆ ಕವಿಯ ಮಾತಿನ ಬಲ ಕಡಿಮೆಯಾಯಿತೇ ಅಂತ ನೋಡಲಿ. ಗೈಡಿನ ‘ಅಭೇದ’ ಅನ್ನೋದು ಆಗ ಕಣ್ಣಿಗೆ ಕಾಣುತ್ತದೆ.

ಸಂಸ್ಕೃತ ಎಂಎ

ಮೇಷ್ಟ್ರ ಮಾತಿಗೆ ನನ್ನದೊಂದು ಸೇರ್ಪಡೆ. ಎಲ್ಲ ಪಠ್ಯಗಳಲ್ಲೂ ಇರುವ ಉದಾಹರಣೆ ‘ಸೀತೆಯ ಮುಖಕಮಲ ಅರಳಿತು’. ಇದು ರೂಪಕ ಅಂತ ಬಾಯಿಪಾಠ ಮಾಡಿಸುತ್ತಾರೆ. ಯಾಕೆ ರೂಪಕ ಅಂತ ಹೇಳುವವರು ಕಡಿಮೆ. ‘ಮುಖಕಮಲ’ ಅನ್ನುವ ಪದವನ್ನು ಮಾತ್ರ ತೆಗೆದುಕೊಂಡರೆ ಉತ್ತರ ಸಿಗುವುದಿಲ್ಲ. ಕಮಲದಂತಹ ಮುಖ ಅಂತಲೂ ಬಿಡಿಸಬಹುದು, ಮುಖವೇ ಕಮಲ ಅಂತಲೂ ಬಿಡಿಸಬಹುದು. ಮೊದಲನೆಯದು ಉಪಮೆ, ಎರಡನೆಯದು ರೂಪಕ. ಸಮಾಸದಲ್ಲಿ ‘ಅಂತೆ’ ಒಳಗೇ ಅಡಗಿರಬಹುದು. ಕೋಡ್ ಕುಮಾರ ಅವರ ಸೂತ್ರ ಪದ್ಯದ ಸಾಲಿನಲ್ಲೇ ಮುರಿಯೋದು ಇಲ್ಲಿ.

ಹಾಗಾದರೆ ನಿರ್ಣಯ ಹೇಗೆ? ವಾಕ್ಯದ ಉಳಿದ ಭಾಗ ಯಾರ ಪರ ಸಾಕ್ಷಿ ಹೇಳುತ್ತದೆ ಅಂತ ನೋಡಬೇಕು. ಅರಳುವುದು ಕಮಲದ ಕೆಲಸ. ಹಾಗಾಗಿ ‘ಮುಖಕಮಲ ಅರಳಿತು’ ಅಂದಾಗ ಕಮಲ ಮುಂದೆ ಬರುತ್ತದೆ, ಮುಖ ಅದರಲ್ಲಿ ಕರಗುತ್ತದೆ. ರೂಪಕ. ಅದೇ ‘ತಾಯಿ ಮಗುವಿನ ಮುಖಕಮಲಕ್ಕೆ ಮುತ್ತಿಟ್ಟಳು’ ಅಂದರೆ? ಮುತ್ತಿಡುವುದು ಮುಖಕ್ಕೆ, ಕಮಲಕ್ಕಲ್ಲ. ಮುಖ ಮುಂದೆ, ಕಮಲ ಅದಕ್ಕೆ ವಿಶೇಷಣ. ಉಪಮೆ. ‘ಗೆಜ್ಜೆ ಕಟ್ಟಿದ ಪಾದಕಮಲ’ ಅಂದರೂ ಹೀಗೆಯೇ, ಗೆಜ್ಜೆ ಕಟ್ಟುವುದು ಪಾದಕ್ಕೆ. ಮಮ್ಮಟನಂಥ ಆಲಂಕಾರಿಕರು ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಒಂದು ಅಲಂಕಾರಕ್ಕೆ ಪೂರಕ ಯಾವುದು, ಇನ್ನೊಂದಕ್ಕೆ ಅಡ್ಡಿ ಯಾವುದು ಅಂತ ತೂಗಿ ನೋಡುತ್ತಾರೆ. ಎರಡೂ ಕಡೆ ಸಾಕ್ಷಿ ಸಿಗದಿದ್ದರೆ ಸಂದೇಹವನ್ನು ಸಂದೇಹವಾಗಿಯೇ ಬಿಡುತ್ತಾರೆ.

ಬೆಂಚ್ ಕೊನೆ ಹುಡುಗ

ಅಂದ್ರೆ ‘ಮುಖಕಮಲ ಬಾಡಿತು’ ರೂಪಕ, ‘ಮುಖಕಮಲ ಬೆವರಿತು’ ಉಪಮೆ?

ಸಂಸ್ಕೃತ ಎಂಎ

ಸರಿಯಾಗಿ ಹಿಡಿದೆ. ಬೆವರೋ ಕಮಲ ಇಲ್ಲ. ‘ಬಾಡಿತು’ ಅನ್ನೋದರಲ್ಲಿ ಸ್ವಲ್ಪ ಜಾಗ್ರತೆ, ಕನ್ನಡದಲ್ಲಿ ಮುಖ ಬಾಡುವುದು ಮಾಮೂಲಿ ಮಾತು. ಆದರೂ ಮೂಲದಲ್ಲಿ ಅದು ಹೂವಿನ ಕೆಲಸವೇ.

ಕೋಡ್ ಕುಮಾರ

ಮಕ್ಕಳಿಗೆ ಇಷ್ಟೆಲ್ಲ ಬೇಕಾ? ಪೇಪರ್‌ನಲ್ಲಿ ‘ಮುಖಕಮಲ’ ಬಂದರೆ ರೂಪಕ ಅಂತ ಬರೆದು ಮುಂದೆ ಹೋಗಬೇಕು. ಟೈಮ್ ಎಲ್ಲಿದೆ? ಮೂರು ಗಂಟೆಯಲ್ಲಿ ಮಮ್ಮಟನ ಹತ್ತಿರ ಹೋಗಿ ಬರೋಕಾಗಲ್ಲ.

ಗರತಿಯ ಹಾಡು

ಕುಮಾರ ಅವರೇ, ಪಾಪ ಹುಡುಗ ಒಂದು ನಿಮಿಷದಲ್ಲಿ ಬೆವರಿನ ಉದಾಹರಣೆ ತಂದ. ನೀವು ಟೈಮಿಲ್ಲ ಅನ್ನುತ್ತೀರಿ 😄

ಹೊಸಪೇಟೆ ಕಾಕಾ

ನನ್ನದೊಂದು ಸಂಶಯ. ಸರ್ವಜ್ಞನ ‘ಸಾಲವನು ಕೊಂಬಾಗ ಹಾಲೋಗರುಂಡಂತೆ’ ಯಾವುದು? ನನಗೆ ಇದು ಅನುಭವದ ಮಾತು. ಮನೆ ಸಾಲ ತೆಗೆಯುವಾಗ ಬ್ಯಾಂಕಿನವರು ಕಾಫಿ ಕೊಟ್ಟು ಕೂರಿಸಿದರು. ಎರಡು ಕಂತು ತಪ್ಪಿದಾಗ ಫೋನ್ ಮೇಲೆ ಫೋನ್. ಸಾಲಿಗ ಎಳೆದಾಗ ‘ಕಿಬ್ಬದಿಯ ಕೀಲು ಮುರಿದಂತೆ’ ಅಂತ ಸರ್ವಜ್ಞ ಹೇಳಿದ್ದು ಅಕ್ಷರಶಃ ನಿಜ. ಯಾರಾದರೂ ಬಡ್ಡಿ ದರ ಇಳಿಸಿಕೊಳ್ಳುವ ದಾರಿ ಗೊತ್ತಿದ್ದರೆ ಹೇಳಿ.

ಷಟ್ಪದಿ ಮೇಷ್ಟ್ರು

ಕಾಕಾ, ಬಡ್ಡಿಯ ಬಗ್ಗೆ ಬೇರೆ ಕಡೆ ಕೇಳಿ 🙂 ಪದ್ಯದ ಬಗ್ಗೆ ಹೇಳುತ್ತೇನೆ. ಇದು ಉಪಮೆಯೇ. ಹುಡುಗರು ಎಡವೋದು ಎಲ್ಲಿ ಅಂದರೆ, ಉಪಮೇಯ ‘ಸಾಲ’, ಉಪಮಾನ ‘ಹಾಲು’ ಅಂತ ಬರೆದುಬಿಡುತ್ತಾರೆ. ಸಾಲವನ್ನು ಹಾಲಿಗೆ ಹೋಲಿಸಿಲ್ಲ. ಸಾಲ ತೆಗೆದುಕೊಳ್ಳುವ ಕೆಲಸವನ್ನು ಹಾಲನ್ನ ಉಣ್ಣುವ ಕೆಲಸಕ್ಕೆ ಹೋಲಿಸಿದ್ದಾನೆ. ಎರಡನೆಯದರಲ್ಲೂ ಸಾಲಿಗ ಬಂದು ಎಳೆಯುವುದು ಒಂದು ಕೆಲಸ, ಕೀಲು ಮುರಿಯುವುದು ಇನ್ನೊಂದು. ‘ಅಂತೆ’ಯ ಹಿಂದೆ ನಾಮಪದ ಇದೆಯೋ ಕ್ರಿಯೆ ಇದೆಯೋ ನೋಡಿ. ‘ಹಾರದಂತೆ’ ಅಂದರೆ ವಸ್ತು, ‘ಉಂಡಂತೆ’ ಅಂದರೆ ಕೆಲಸ. ಕೆಲಸವಾದರೆ ಉಪಮೇಯದ ಕಡೆಯೂ ಕೆಲಸವನ್ನೇ ಬರೆಯಬೇಕು.

ಹತ್ತನೇ ಕ್ಲಾಸಿನ ಅಮ್ಮ

ಮಗಳು ಎಲ್ಲವನ್ನೂ ಓದಿ ಮತ್ತೆ ಬರೆದಿದ್ದಾಳೆ. ಟೈಪ್ ಮಾಡಿ ಹಾಕ್ತಿದ್ದೀನಿ, ದಯವಿಟ್ಟು ನೋಡಿ.

‘ಈ ಸಾಲಿನಲ್ಲಿ ರೂಪಕಾಲಂಕಾರವಿದೆ. ಉಪಮೇಯ: ಭಾರತ. ಉಪಮಾನ: ಮಾರಿ. ಯುದ್ಧವನ್ನು ಮಾರಿ ಎಂದು ಅಭೇದವಾಗಿ ಹೇಳಿರುವುದರಿಂದ ಇದು ರೂಪಕ.’

ಷಟ್ಪದಿ ಮೇಷ್ಟ್ರು

ಅಲಂಕಾರದ ಹೆಸರು ಸರಿ. ಉಪಮಾನ ತಪ್ಪಿದೆ. ‘ಮಾರಿಗೆ ಔತಣ’, ಇಲ್ಲಿ ಮಾರಿ ಅತಿಥಿ, ಉಣ್ಣುವವಳು. ಯುದ್ಧ ಮಾರಿಯಲ್ಲ, ಮಾರಿಯ ಮುಂದಿಟ್ಟ ಊಟ. ‘ಗೆ’ ವಿಭಕ್ತಿ ಪ್ರತ್ಯಯ ಗಮನಿಸಲಿ. ಹೀಗೆ ತಿದ್ದಿಸಿ: ‘ಉಪಮೇಯ: ನಾಳಿನ ಭಾರತ ಯುದ್ಧ. ಉಪಮಾನ: ಮಾರಿಯ ಔತಣ. ಯುದ್ಧವು ಔತಣದಂತೆ ಎನ್ನದೆ ಔತಣವೇ ಆಯಿತು ಎಂದು ಎರಡಕ್ಕೂ ಭೇದವಿಲ್ಲದಂತೆ ಹೇಳಿರುವುದರಿಂದ ಇದು ರೂಪಕಾಲಂಕಾರ.’ ಇದರ ಜೊತೆ ಲಕ್ಷಣದ ಒಂದು ವಾಕ್ಯ ಸೇರಿಸಿದರೆ ಆಯ್ತು.

ಪರೀಕ್ಷೆಗೆ ಬೇಡದ ಒಂದು ಮಾತು. ಔತಣ ಅಂದ ಮೇಲೆ ಬಡಿಸಿರೋದು ಏನು? ಪಕ್ಕದಲ್ಲೇ ‘ಚತುರಂಗಬಲದಲಿ’ ಇದೆ. ಆನೆ, ಕುದುರೆ, ರಥ, ಕಾಲಾಳುಗಳೇ ಆ ಊಟದ ಬಗೆಗಳು. ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯದ ಚಕ್ರವರ್ತಿ ಅನ್ನೋದು ಸುಮ್ನೆ ಅಲ್ಲ.

ಸಂಸ್ಕೃತ ಎಂಎ

ಮೇಷ್ಟ್ರೇ, ಇಲ್ಲಿ ನನಗೆ ಒಪ್ಪಿಗೆ ಇಲ್ಲ. ‘ಚತುರಂಗಬಲದಲಿ’ಯನ್ನು ಮುಂದಿನ ‘ಕೌರವನ ಋಣ ಹಿಂಗೆ’ ಜೊತೆಗೆ ಅನ್ವಯಿಸುವುದು ಹೆಚ್ಚು ಸಹಜ. ಚತುರಂಗ ಬಲದ ನಡುವೆ ಹೋರಾಡಿ ಋಣ ತೀರಿಸುತ್ತೇನೆ ಅಂತ. ಆಗ ವಾಕ್ಯ ‘ಭಾರತವು’ ಅನ್ನುವಲ್ಲಿಗೇ ಮುಗಿಯುತ್ತದೆ. ಊಟದ ಬಗೆಗಳನ್ನು ನೀವು ಬಡಿಸುತ್ತಿದ್ದೀರಿ, ಕವಿ ಅಲ್ಲ.

ಷಟ್ಪದಿ ಮೇಷ್ಟ್ರು

ಅನ್ವಯ ಹಾಗೂ ಆಗುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ಗಮಕಿಗಳು ಓದುವಾಗ ‘ಭಾರತವು ಚತುರಂಗಬಲದಲಿ’ ಒಂದೇ ಉಸಿರಿನಲ್ಲಿ ಬರುತ್ತದೆ. ಷಟ್ಪದಿಯ ಒಂದೇ ಸಾಲು ಅದು. ಕಿವಿಗೆ ಅದು ಔತಣದ ಜೊತೆಗೇ ಸೇರುತ್ತದೆ.

ಸಂಸ್ಕೃತ ಎಂಎ

ಸಾಲು ಮುಗಿದಲ್ಲಿ ವಾಕ್ಯ ಮುಗಿಯಬೇಕು ಅಂತ ಕುಮಾರವ್ಯಾಸನಲ್ಲಿ ನಿಯಮವೇ ಇಲ್ಲವಲ್ಲ. ಅದೇ ಪದ್ಯದಲ್ಲಿ ‘ಶರೀರ’ವನ್ನೇ ಎರಡು ಸಾಲಿಗೆ ಮುರಿದಿದ್ದಾನೆ.

ಬೆಂಚ್ ಕೊನೆ ಹುಡುಗ

ಸರ್, ಮಧ್ಯೆ ಬರ್ತಿದ್ದೀನಿ, ಸಾರಿ. ಅದೇ ಪಾಠದಲ್ಲಿ ಇನ್ನೊಂದು ಸಾಲಿದೆ. ಕೃಷ್ಣ ಜನ್ಮರಹಸ್ಯ ಹೇಳಿದ ಮೇಲೆ ಕರ್ಣ ಮನಸ್ಸಿನಲ್ಲಿ ಅಂದುಕೊಳ್ಳೋದು. ‘ಹರಿಯ ಹಗೆ ಹೊಗೆದೋರದುರುಹದೆ ಬರಿದೆ ಹೋಹುದೆ’. ಹೊಗೆ ತೋರಿಸದೆ ಸುಡುತ್ತೆ ಅಂದ್ರೆ ಬೆಂಕಿ ತಾನೇ? ಆದರೆ ಬೆಂಕಿ ಅನ್ನೋ ಪದಾನೇ ಇಲ್ಲ. ಅಂತೆ ಇಲ್ಲ, ಎಂಬ ಇಲ್ಲ, ಏ ಇಲ್ಲ, ಉಪಮಾನವೂ ಇಲ್ಲ. ಇದು ಏನು?

ಷಟ್ಪದಿ ಮೇಷ್ಟ್ರು

ಭಲೇ. ನಾನು ಇದನ್ನು ರೂಪಕದ ಕಡೆಗೇ ಹಾಕುತ್ತೇನೆ. ಬೆಂಕಿಯ ಹೆಸರು ಇಲ್ಲದಿದ್ದರೂ ಅದರ ಎರಡು ಕೆಲಸ ಇವೆ. ಹೊಗೆ ತೋರುವುದು, ಉರುಹುವುದು. ಹಗೆಯ ಮೇಲೆ ಬೆಂಕಿಯನ್ನು ಪೂರ್ತಿ ಹೊದಿಸಿಯಾಗಿದೆ. ಆಗಲೇ ನೀವು ಹೇಳಿದ ಕ್ರಿಯಾಪದದ ಸಾಕ್ಷಿ ಇಲ್ಲಿ ಬೆಂಕಿಯ ಪರವಾಗಿಯೇ ಇದೆ, ಅಲ್ವಾ ಎಂಎ ಅವರೇ?

ಸಂಸ್ಕೃತ ಎಂಎ

ಸಾಕ್ಷಿ ಇದೆ, ಆದರೆ ಕಕ್ಷಿದಾರನೇ ಇಲ್ಲ. ರೂಪಕಕ್ಕೆ ಉಪಮಾನವನ್ನು ಬಾಯಿಬಿಟ್ಟು ಹೇಳಬೇಕು, ಕೊನೆಗೆ ಒಂದು ಕಡೆಯಾದರೂ. ಒಂದು ಕಡೆ ಹೇಳಿ ಉಳಿದದ್ದನ್ನು ಊಹೆಗೆ ಬಿಟ್ಟರೆ ಅದಕ್ಕೆ ರೂಪಕದಲ್ಲೇ ಜಾಗ ಇದೆ. ಇಲ್ಲಿ ಎಲ್ಲೂ ಹೇಳಿಲ್ಲ. ಹಗೆಯ ವರ್ಣನೆಯಲ್ಲಿ ಬೆಂಕಿಯ ನಡವಳಿಕೆ ಸುಮ್ಮನೆ ಸೂಚನೆಯಾಗಿ ಬರುತ್ತದೆ. ಹೀಗೆ ಒಂದರ ವರ್ಣನೆಯಲ್ಲಿ ಇನ್ನೊಂದು ಸೂಚನೆಯಾಗಿ ಮಾತ್ರ ಬಂದರೆ ಅದು ಸಮಾಸೋಕ್ತಿ. ನಾನಾದರೆ ಅದರ ಕಡೆಗೆ ವಾಲುತ್ತೇನೆ.

ಕೋಡ್ ಕುಮಾರ

ಅಂತೆ ಇಲ್ಲ, ಆದ್ದರಿಂದ ರೂಪಕ. ನನ್ನ ಸೂತ್ರ ಮೇಷ್ಟ್ರ ಉತ್ತರಕ್ಕೇ ಬಂತು ನೋಡಿ.

ಷಟ್ಪದಿ ಮೇಷ್ಟ್ರು

ಉತ್ತರ ಒಂದೇ, ದಾರಿ ಬೇರೆ ಕುಮಾರ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಅನ್ನೋದರಲ್ಲೂ ಅಂತೆ ಇಲ್ಲ. ಅದನ್ನೂ ರೂಪಕ ಅಂತೀಯಾ? ಎರಡು ವಾಕ್ಯ ಒಂದಕ್ಕೊಂದು ಪ್ರತಿಬಿಂಬದ ಹಾಗೆ ನಿಲ್ಲುವ ದೃಷ್ಟಾಂತ ಅದು, ನಿನ್ನ ಹತ್ತನೇ ತರಗತಿಯಲ್ಲೂ ಇದ್ದಿರಬೇಕು.

ಬೆಂಚ್ ಕೊನೆ ಹುಡುಗ

ಹಾಗಾದ್ರೆ ಹಗೆ ಸಾಲಿಗೆ ನಾನು ಏನು ಬರೀಲಿ?

ಸಂಸ್ಕೃತ ಎಂಎ

ನಿಮ್ಮ ಮೇಷ್ಟ್ರನ್ನು ಕೇಳು. ಅವರು ರೂಪಕ ಅಂದರೆ ರೂಪಕ ಬರಿ. ಆದರೆ ‘ಹಗೆ ಉಪಮೇಯ, ಬೆಂಕಿ ಉಪಮಾನ, ಬೆಂಕಿಯನ್ನು ಹೆಸರಿಸದೆ ಹೊಗೆ ಮತ್ತು ಸುಡುವಿಕೆಯಿಂದ ಸೂಚಿಸಲಾಗಿದೆ’ ಅನ್ನುವ ವಾಕ್ಯ ಬಿಡಬೇಡ. ನಾನು ಇನ್ನೂ ಸಮಾಸೋಕ್ತಿ ಅಂತಲೇ ಅನ್ನುತ್ತೇನೆ.

ಗರತಿಯ ಹಾಡು

‘ಕೂಸು ಇದ್ದ ಮನಿಗೆ ಬೀಸಣಿಗೆ ಯಾತಕ’ ಅಂತ ಇನ್ನೊಂದು ತ್ರಿಪದಿ ಇದೆ. ಕೂಸು ಒಳಗ ಹೊರಗ ಆಡಿದರ ಬೀಸಣಿಗೆ ಗಾಳಿ ಸುಳಿಯುತ್ತದೆ ಅಂತ. ಅದರಲ್ಲಿ ಕೂಸೇ ಬೀಸಣಿಗೆಯೋ, ಬೀಸಣಿಗೆಯ ಹಂಗೋ? ನೀವಿಬ್ಬರೂ ಇದಕ್ಕೂ ಜಗಳ ಆಡುತ್ತೀರೇನು ನೋಡೋಣ.